‘ನಂಗೆ’ ಬದಲಾಯಿತು, ‘ನಮ್ಗೆ’ ಯಾಕಿಲ್ಲ? ಒಂದು ಧ್ವನಿನಿಯಮವನ್ನು ಸೂತ್ರವಾಗಿ ಬರೆಯುವುದು

‘ನನಗೆ’ ಎಂಬುದು ಆಡುಮಾತಿನಲ್ಲಿ ‘ನಂಗೆ’ ಆಗುತ್ತದೆ, ‘ನಿನಗೆ’ ಎಂಬುದು ‘ನಿಂಗೆ’. ‘ನಂಗೆ’ ಎನ್ನಲು ಶುರುಮಾಡಿ, ‘ಗೆ’ ಬರುವ ಮುನ್ನ ಗಕ್ಕನೆ ನಿಲ್ಲಿಸಿ ನಾಲಿಗೆ ಎಲ್ಲಿದೆ ಎಂದು ನೋಡಿ. ತುದಿ ಹಲ್ಲಿನ ಹತ್ತಿರ ಇರುವುದಿಲ್ಲ. ನಾಲಿಗೆಯ ಹಿಂಭಾಗ ಎದ್ದು ಮೆದು ಅಂಗುಳಕ್ಕೆ ಒತ್ತಿಕೊಂಡಿರುತ್ತದೆ, ಅಂದರೆ ಆಗಲೇ ಗಕಾರದ ಜಾಗದಲ್ಲಿ ಕೂತಿರುತ್ತದೆ. ನಕಾರ ಹೋಗಿ ಙಕಾರ ಬಂದಿದೆ. ಈಗ ‘ನಮಗೆ’ ತೆಗೆದುಕೊಳ್ಳಿ. ಅದು ‘ನಮ್ಗೆ’ ಆಗುತ್ತದೆ, ತುಟಿಗಳು ಮುಚ್ಚುತ್ತವೆ, ಮಕಾರ ಮಕಾರವಾಗಿಯೇ ಉಳಿಯುತ್ತದೆ. ಅದೂ ಬದಲಾಗಿದ್ದರೆ ‘ನನಗೆ’ ಮತ್ತು ‘ನಮಗೆ’ ಎರಡೂ ಕಿವಿಗೆ ಒಂದೇ ಆಗಿಬಿಡುತ್ತಿದ್ದವು.

ಕ, ಗ, ತ, ದ, ಬಗಳಂಥ ಸ್ಪರ್ಶ ವ್ಯಂಜನದ ಮುಂದೆ ಅನುನಾಸಿಕವು ಆ ವ್ಯಂಜನದ ಸ್ಥಾನಕ್ಕೆ ಸರಿಯುವುದನ್ನು ಸಮೀಕರಣ ಎನ್ನುತ್ತಾರೆ. ವಿಷಯ ಇಷ್ಟೇ ಎಂದು ಮಾತಿನಲ್ಲಿ ಹೇಳಿ ಮುಗಿಸಬಹುದು. ಆದರೆ ಮಾತಿನಲ್ಲಿ ಹೇಳಿದಾಗ ‘ನಮ್ಗೆ’ಯಂಥ ಪದಗಳು ಸಲೀಸಾಗಿ ನುಸುಳಿಕೊಳ್ಳುತ್ತವೆ. ಸೂತ್ರವಾಗಿ ಬರೆದಾಗ ಪ್ರತಿಯೊಂದು ಚಿಹ್ನೆಯೂ ಒಂದು ಭವಿಷ್ಯವಾಣಿ: ಇಲ್ಲಿ ಬದಲಾಗಬೇಕು, ಅಲ್ಲಿ ಬದಲಾಗಬಾರದು. ತಪ್ಪಿದರೆ ಯಾವುದೋ ಒಂದು ಪದ ಎದ್ದು ನಿಂತು ತೋರಿಸಿಕೊಡುತ್ತದೆ.

ಸೂತ್ರದ ಚೌಕಟ್ಟು ಹೀಗಿರುತ್ತದೆ:

```
A → B / C __ D
```

A ಎಂಬ ಧ್ವನಿ B ಆಗುತ್ತದೆ, ಅದರ ಎಡಕ್ಕೆ C ಮತ್ತು ಬಲಕ್ಕೆ D ಇದ್ದಾಗ. ಅಡಿಗೆರೆ A ನಿಂತಿರುವ ಜಾಗ. ನಮ್ಮ ನಿಯಮಕ್ಕೆ ಎಡಗಡೆ ಏನಿದ್ದರೂ ಲೆಕ್ಕಕ್ಕಿಲ್ಲ, ಹಾಗಾಗಿ C ಖಾಲಿ. ಹೊಸಬರು ಅಡಿಗೆರೆಯನ್ನು ತಪ್ಪು ಬದಿಗೆ ಹಾಕುವುದು ಬಹಳ. ಹಾಗೆ ಮಾಡಿದರೆ ಸ್ಪರ್ಶದ ನಂತರ ಬರುವ ಅನುನಾಸಿಕ ಬದಲಾಗಬೇಕಾಗುತ್ತದೆ. ಆಗ ‘ಆತ್ಮ’ ಹೋಗಿ ‘ಆತ್ನ’ ಆಗಬೇಕು, ‘ಪದ್ಮ’ ಹೋಗಿ ‘ಪದ್ನ’.

ಬರೆಯುವ ಮೊದಲು ಮೂಲಧ್ವನಿ ಯಾವುದೆಂದು ಗೊತ್ತಾಗಬೇಕು. ಇಲ್ಲಿ ಕನ್ನಡ ಬರವಣಿಗೆ ನಮಗೆ ನೆರವಾಗುವುದಿಲ್ಲ, ಏಕೆಂದರೆ ಸೊನ್ನೆ ಎಲ್ಲ ಸ್ಥಾನದ ಅನುನಾಸಿಕಗಳಿಗೂ ಒಂದೇ. ಅದೇ ಧಾತು ಸ್ವರದ ಮುಂದೆ ಬಂದಾಗ ಹೇಗಿರುತ್ತದೆ ಎಂದು ನೋಡಬೇಕು. ಅಲ್ಲಿ ಪಕ್ಕದ ವ್ಯಂಜನದ ಎಳೆತ ಇರುವುದಿಲ್ಲ. ‘ಎನ್ನು’, ‘ಉಣ್ಣು’ ಎಂಬಲ್ಲಿ ನಕಾರ, ಣಕಾರ ಸ್ಪಷ್ಟ. ಅದೇ ಧಾತುಗಳು ಬ-ಪ್ರತ್ಯಯದ ಮುಂದೆ ‘ಎಂಬ’, ‘ಉಂಬ’ ಆಗುತ್ತವೆ, ಎರಡರಲ್ಲೂ ಬಾಯಿಗೆ ಬರುವುದು ಮಕಾರ. ‘ಎಂದ’ದಲ್ಲಿ ದಂತ್ಯ ನಕಾರ. ‘ನಂಗೆ’ಯಲ್ಲಿ ಙಕಾರ.

ಸೂತ್ರಗಳಲ್ಲಿ ŋ ಎಂದರೆ ಙಕಾರ, ɳ ಎಂದರೆ ಣಕಾರ, ɖ ಎಂದರೆ ಡಕಾರ. ಮೊದಲ ಪ್ರಯತ್ನದಲ್ಲಿ ಎಲ್ಲರಿಗೂ ತೋಚುವುದು ಇದು:

```
n → m / __ b
n → ŋ / __ g
ɳ → m / __ b
```

ಉತ್ತರಗಳು ಸರಿ ಬರುತ್ತವೆ. ಕೊರತೆ ಬೇರೆ ಕಡೆ ಇದೆ. ಇದೇ ಶೈಲಿಯಲ್ಲಿ `n → m / __ g` ಎಂದೂ ಅಷ್ಟೇ ಸುಲಭವಾಗಿ ಬರೆಯಬಹುದು. ಬಕಾರದ ಮುಂದೆ ಮಕಾರವೇ ಯಾಕೆ, ಗಕಾರದ ಮುಂದೆ ಙಕಾರವೇ ಯಾಕೆ ಎಂಬುದನ್ನು ಪಟ್ಟಿ ಹೇಳುವುದೇ ಇಲ್ಲ. ಅದಕ್ಕಾಗಿ ಧ್ವನಿಗಳನ್ನು ಲಕ್ಷಣಗಳಾಗಿ ಒಡೆಯಬೇಕು. ಚಾಮ್‌ಸ್ಕಿ ಮತ್ತು ಹಾಲೆ 1968ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಧ್ವನಿವ್ಯವಸ್ಥೆಯ ಅಧ್ಯಯನದಿಂದ ಈ ಪದ್ಧತಿ ಎಲ್ಲೆಡೆ ಹಬ್ಬಿತು. ಸ್ಥಾನಕ್ಕೆ ಸದ್ಯಕ್ಕೆ ಎರಡು ಲಕ್ಷಣ ಸಾಕು. ನಾಲಿಗೆಯ ತುದಿ ಅಥವಾ ಅಲಗು ಎದ್ದರೆ `+cor`. ತಡೆ ಹಲ್ಲಿನ ಹಿಂದಿನ ದಿಂಡಿನಲ್ಲೋ ಅದಕ್ಕಿಂತ ಮುಂದೆಯೋ ಇದ್ದರೆ `+ant`.

```
        ant   cor
b, m     +     −
d, n     +     +
ɖ, ɳ     −     +
g, ŋ     −     −
```

ಈಗ ‘ಪಕ್ಕದವನ ಸ್ಥಾನವೇ ನನ್ನ ಸ್ಥಾನ’ ಎಂಬುದನ್ನು ಗ್ರೀಕ್ ಅಕ್ಷರಗಳಿಂದ ಹೇಳಬಹುದು. ಆಲ್ಫಾ ಎಂದರೆ ಪ್ಲಸ್ ಅಥವಾ ಮೈನಸ್, ಯಾವುದಾದರೂ ಸರಿ. ಆದರೆ ಸೂತ್ರದಲ್ಲಿ ಅದು ಕಂಡಲ್ಲೆಲ್ಲ ಒಂದೇ ಬೆಲೆ ಇರಬೇಕು.

```
[+nasal] → [αant, βcor] / __ [αant, βcor]
```

ಎರಡು ಲಕ್ಷಣಕ್ಕೆ ಎರಡು ಬೇರೆ ಅಕ್ಷರ ಇರುವುದನ್ನು ಗಮನಿಸಿ. ಎರಡಕ್ಕೂ ಆಲ್ಫಾವನ್ನೇ ಹಾಕುವುದು ಬಲು ಸಾಮಾನ್ಯ ತಪ್ಪು, ಮತ್ತು ಬೇಗ ಸಿಕ್ಕಿಬೀಳದ ತಪ್ಪು. ಆಗ ಸೂತ್ರಕ್ಕೆ ಎರಡು ಲಕ್ಷಣಗಳ ಬೆಲೆ ಒಂದೇ ಇರುವ ಸ್ಪರ್ಶಗಳು ಮಾತ್ರ ಕಾಣುತ್ತವೆ: ಎರಡೂ ಪ್ಲಸ್ ಇರುವ ದಕಾರ, ಎರಡೂ ಮೈನಸ್ ಇರುವ ಗಕಾರ. ‘ಎಂದ’ ಸರಿ ಬರುತ್ತದೆ, ‘ನಂಗೆ’ಯೂ ಸರಿ ಬರುತ್ತದೆ, ಬರೆದವರು ನಿಶ್ಚಿಂತೆಯಿಂದ ಇರುತ್ತಾರೆ. ಬಕಾರದ ಬೆಲೆ ಪ್ಲಸ್ ಮತ್ತು ಮೈನಸ್. ಅದು ಸೂತ್ರದ ಕಣ್ಣಿಗೇ ಬೀಳುವುದಿಲ್ಲ, ‘ಎಂಬ’ದ ಬದಲು ‘ಎನ್ಬ’ ಹೊರಬರುತ್ತದೆ. ಆದ್ದರಿಂದ ಪರೀಕ್ಷೆಗೆ ಓಷ್ಠ್ಯದ ಉದಾಹರಣೆ ಒಂದಾದರೂ ಇರಲೇಬೇಕು.

ಎರಡು ಲಕ್ಷಣ, ತಲಾ ಎರಡು ಬೆಲೆ, ಒಟ್ಟು ನಾಲ್ಕೇ ಮನೆ. ನಮ್ಮ ವರ್ಗಗಳು ಐದು. ‘ಅಂಚು’ವಿನ ಚಕಾರವೂ ‘ಅಂಟು’ವಿನ ಟಕಾರವೂ ಮೇಲಿನ ಕೋಷ್ಟಕದಲ್ಲಿ ಒಂದೇ ಮನೆಗೆ ಬೀಳುತ್ತವೆ. ಅವನ್ನು ಬೇರ್ಪಡಿಸಲು ನಾಲಿಗೆಯ ಅಲಗು ಅಗಲವಾಗಿ ತಾಗುತ್ತದೆಯೋ, ತುದಿ ಮಾತ್ರ ತಾಗುತ್ತದೆಯೋ ಎಂದು ಹೇಳುವ ಮೂರನೇ ಲಕ್ಷಣ ಬೇಕು. ಙಕಾರಕ್ಕೆ ನಾಲಿಗೆಯ ಹಿಂಭಾಗದ ಲಕ್ಷಣವನ್ನೂ ಸೇರಿಸುವುದು ಕಟ್ಟುನಿಟ್ಟಾದ ಕ್ರಮ. ಪಟ್ಟಿ ಹೀಗೆ ಬೆಳೆಯುವುದರಿಂದ ಈಗ ಹೆಚ್ಚಿನವರು ಎಲ್ಲವನ್ನೂ ಒಟ್ಟು ಸೇರಿಸಿ `[αplace]` ಎಂದು ಬರೆಯುತ್ತಾರೆ. ಸ್ಥಾನಕ್ಕೆ ಪ್ಲಸ್-ಮೈನಸ್ ಎಂಬುದಿಲ್ಲ, ಆದ್ದರಿಂದ ಇದು ನಿಜವಾದ ಲಕ್ಷಣವಲ್ಲ, ಸಂಕ್ಷೇಪ ಅಷ್ಟೆ. ಬಳಸುವುದಕ್ಕೆ ಅಡ್ಡಿಯಿಲ್ಲ, ಏನನ್ನು ಸಂಕ್ಷೇಪಿಸಿದ್ದೇವೆ ಎಂಬ ಅರಿವಿದ್ದರೆ ಸರಿ. ಮುಂದೆ ಇದನ್ನೇ ಬಳಸುತ್ತೇನೆ.

ಇನ್ನು D ಕಡೆಗೆ ಬರೋಣ. ಬರಿಯ `__ [αplace]` ಎಂದು ಬಿಟ್ಟರೆ ಎಲ್ಲ ವ್ಯಂಜನಗಳ ಮುಂದೆಯೂ ನಿಯಮ ಓಡುತ್ತದೆ. ‘ಅನ್ವಯ’ದ ವಕಾರ ತುಟಿಯ ಧ್ವನಿ, ಆದರೂ ಯಾರೂ ‘ಅಮ್ವಯ’ ಎನ್ನುವುದಿಲ್ಲ. ಆದ್ದರಿಂದ ಬಾಯಲ್ಲಿ ಗಾಳಿ ಪೂರ್ತಿ ತಡೆಯಲ್ಪಡಬೇಕು ಎಂಬ ಷರತ್ತು ಬೇಕು, `−cont`. ಇಷ್ಟಕ್ಕೆ ನಿಲ್ಲಿಸುವವರೇ ಹೆಚ್ಚು. ಆದರೆ ಅನುನಾಸಿಕಗಳನ್ನು ಉಚ್ಚರಿಸುವಾಗಲೂ ಬಾಯಿ ಪೂರ್ತಿ ಮುಚ್ಚಿರುತ್ತದೆ, ಗಾಳಿ ಹೋಗುವುದು ಮೂಗಿನಿಂದ. ಹಾಗಾಗಿ ಮಕಾರವೂ `−cont` ಗುಂಪಿನದೇ. ಈ ಸೂತ್ರ ‘ಜನ್ಮ’ವನ್ನು ‘ಜಮ್ಮ’ ಮಾಡುತ್ತದೆ, ‘ಷಣ್ಮುಖ’ನನ್ನು ‘ಷಮ್ಮುಖ’. ಅನುನಾಸಿಕಗಳನ್ನು ಹೊರಗಿಡಲು `−son` ಸೇರಿಸಬೇಕು: ಸ್ವರ, ಅನುನಾಸಿಕ, ಯ-ರ-ಲಗಳಂಥ ನಾದಪ್ರಧಾನ ಧ್ವನಿಗಳು ಬೇಡ ಎಂದರ್ಥ. ಎರಡೂ ಸೇರಿದರೆ ಉಳಿಯುವುದು ಸ್ಪರ್ಶಗಳು ಮಾತ್ರ.

ಇನ್ನು ಉಳಿದದ್ದು A, ಅಂದರೆ ‘ನಮ್ಗೆ’ಯ ಸಮಸ್ಯೆ. `[+nasal]` ಎಂದು ಬರೆದರೆ ಮಕಾರವೂ ಸಿಕ್ಕಿಕೊಳ್ಳುತ್ತದೆ. ಬದಲಾಗುವವು ನಕಾರ ಮತ್ತು ಣಕಾರ, ಬದಲಾಗದ್ದು ಮಕಾರ. ಕೋಷ್ಟಕ ನೋಡಿದರೆ ನಕಾರ-ಣಕಾರಗಳಿಗೆ ಸಮಾನವಾಗಿದ್ದು ಮಕಾರಕ್ಕೆ ಇಲ್ಲದ್ದು ಒಂದೇ, `+cor`.

```
[+nasal, +cor] → [αplace] / __ [−son, −cont, αplace]
```

B ಭಾಗದಲ್ಲಿ `+nasal` ಅನ್ನು ಮತ್ತೆ ಬರೆದಿಲ್ಲ. ಬದಲಾಗುವ ಲಕ್ಷಣವನ್ನಷ್ಟೇ ಅಲ್ಲಿ ಹೇಳಬೇಕು, ಹೇಳದ್ದೆಲ್ಲ ಇದ್ದಂತೆಯೇ ಉಳಿಯುತ್ತದೆ ಎಂಬುದು ಒಪ್ಪಂದ. ಘೋಷತ್ವವನ್ನೂ ಸೇರಿಸುವ ಚಪಲ ಕೆಲವರಿಗಿದೆ. ಸ್ಪರ್ಶ ಅಘೋಷವಾದರೂ ಅನುನಾಸಿಕ ಘೋಷವಾಗಿಯೇ ಇರುವುದರಿಂದ ಅದು ಬೇಡ.

ಸೂತ್ರ ಸರಿಯಿದ್ದ ಮಾತ್ರಕ್ಕೆ ‘ನಂಗೆ’ ಬರುವುದಿಲ್ಲ. ‘ನನಗೆ’ಯಲ್ಲಿ ನಕಾರಕ್ಕೂ ಗಕಾರಕ್ಕೂ ನಡುವೆ ಅಕಾರ ಕೂತಿದೆ. ಮೊದಲು ಅದು ಬೀಳಬೇಕು, ಆಮೇಲೆ ಸಮೀಕರಣ.

```
                /nanage/     /namage/
ಸ್ವರಲೋಪ         nange        namge
ಸಮೀಕರಣ         naŋge        —
```

ಕ್ರಮ ತಿರುಗಿಸಿದರೆ ಸಮೀಕರಣಕ್ಕೆ ಹಿಡಿಯಲು ಏನೂ ಸಿಗದೆ ಅದು ಸುಮ್ಮನೆ ಹಾದುಹೋಗುತ್ತದೆ, ಕೊನೆಗೆ ದಂತ್ಯ ನಕಾರವೇ ಗಕಾರದ ಪಕ್ಕ ಉಳಿದುಬಿಡುತ್ತದೆ.

ಇನ್ನೂ ಹೆಚ್ಚು ಕಾಡುವುದು ‘ಉಂಡ’. ಉಣ್ ಧಾತುವಿಗೆ ಭೂತಕಾಲದ ದಕಾರ ಸೇರಿಸಿ ನಮ್ಮ ಸೂತ್ರವನ್ನು ನೇರ ಓಡಿಸಿದರೆ ಣಕಾರ ದಂತ್ಯವಾಗಿ ‘ಉಂದ’ ಸಿಗುತ್ತದೆ, ‘ತಿಂದ’ದ ಹಾಗೆ. ನಿಜದಲ್ಲಿ ಇಲ್ಲಿ ಸೋತದ್ದು ದಕಾರ: ಣಕಾರ ಜಾಗ ಬಿಡದೆ, ದಕಾರವನ್ನೇ ಡಕಾರ ಮಾಡಿಕೊಂಡಿದೆ. ಅದಕ್ಕೆ ಬೇರೆಯೇ ಸೂತ್ರ ಬೇಕು, ಅಡಿಗೆರೆ ಈ ಸಲ ಬಲಗಡೆ:

```
d → ɖ / ɳ __
```

ಇದನ್ನು ಸಮೀಕರಣಕ್ಕಿಂತ ಮೊದಲು ಓಡಿಸಬೇಕು. ಆಗ ಸಮೀಕರಣದ ಸರದಿ ಬರುವಷ್ಟರಲ್ಲಿ ಣಕಾರ-ಡಕಾರಗಳ ಸ್ಥಾನ ಒಂದೇ ಆಗಿರುತ್ತದೆ, ಅದು ಓಡಿದರೂ ಏನೂ ಬದಲಾಗುವುದಿಲ್ಲ. ‘ಉಂಬ’ದಲ್ಲಿ ದಕಾರ ಇಲ್ಲದ್ದರಿಂದ ಈ ಸೂತ್ರ ಅಲ್ಲಿ ತಲೆಹಾಕುವುದಿಲ್ಲ, ಸಮೀಕರಣ ತನ್ನ ಕೆಲಸ ಮಾಡುತ್ತದೆ.

ಮಕಾರ ಬದಲಾಗುವುದೇ ಇಲ್ಲ ಎಂದರೆ ‘ಸಂಗೀತ’, ‘ಸಂತೋಷ’ಗಳ ಗತಿ ಏನು ಎಂದು ಕೇಳಬಹುದು. ‘ಸಮಾಗಮ’, ‘ಸಮುಚ್ಚಯ’ಗಳನ್ನು ನೋಡಿದರೆ ಆ ಉಪಸರ್ಗದ ಮೂಲ ಸಮ್ ಎಂಬುದು ಖಚಿತ, ಆದರೂ ಗಕಾರದ ಮುಂದೆ ಙಕಾರ, ತಕಾರದ ಮುಂದೆ ನಕಾರ ಬಂದಿದೆ. ಈ ಪದಗಳು ಸಂಸ್ಕೃತದಿಂದ ತಮ್ಮ ಸಂಧಿಯನ್ನು ಹೊತ್ತುಕೊಂಡೇ ಬಂದವು; ಅಲ್ಲಿಯ ನಿಯಮ ಬೇರೆ. ಪಾಣಿನಿ ಅದನ್ನು ಎರಡು ಹೆಜ್ಜೆಯಲ್ಲಿ ಹೇಳುತ್ತಾನೆ. ಪದಾಂತ್ಯದ ಮಕಾರ ವ್ಯಂಜನದ ಮುಂದೆ ಅನುಸ್ವಾರವಾಗುತ್ತದೆ (8.3.23, ಮೋಽನುಸ್ವಾರಃ). ಆ ಅನುಸ್ವಾರ ಮುಂದಿನ ಧ್ವನಿಯ ಸವರ್ಣವಾಗುತ್ತದೆ (8.4.58, ಅನುಸ್ವಾರಸ್ಯ ಯಯಿ ಪರಸವರ್ಣಃ).

ಎರಡನೇ ಸೂತ್ರವನ್ನು ನಮ್ಮ ಚೌಕಟ್ಟಿನ ಪಕ್ಕದಲ್ಲಿಟ್ಟು ಓದಬಹುದು. ಬಾಣ, ಓರೆಗೆರೆ, ಅಡಿಗೆರೆಗಳ ಕೆಲಸವನ್ನು ಅಲ್ಲಿ ವಿಭಕ್ತಿಗಳು ಮಾಡುತ್ತವೆ: ಷಷ್ಠಿಯಲ್ಲಿರುವ ‘ಅನುಸ್ವಾರಸ್ಯ’ A, ಪ್ರಥಮೆಯಲ್ಲಿರುವ ‘ಪರಸವರ್ಣಃ’ B, ಸಪ್ತಮಿಯಲ್ಲಿರುವ ‘ಯಯಿ’ D. ಎಡಗಡೆಯ C ಬೇಕಾದಾಗ ಪಂಚಮಿ ಬರುತ್ತದೆ. ‘ಯಯ್’ ಎಂಬುದು ಶ, ಷ, ಸ, ಹಗಳನ್ನು ಬಿಟ್ಟು ಮಿಕ್ಕ ವ್ಯಂಜನಗಳ ಗುಂಪು, ಹಾಗಾಗಿ ‘ಸಂಸಾರ’ ಈ ಸೂತ್ರದ ವ್ಯಾಪ್ತಿಗೆ ಬರುವುದಿಲ್ಲ. ‘ಪರಸವರ್ಣ’ ಎಂಬ ಒಂದೇ ಪದ ನಮ್ಮ ಆಲ್ಫಾ-ಬೀಟಾಗಳ ಸಾಲನ್ನೆಲ್ಲ ಹೊತ್ತಿದೆ. ಮುಂದಿನ ಸೂತ್ರ (8.4.59, ವಾ ಪದಾಂತಸ್ಯ) ಪದಾಂತ್ಯದ ಅನುಸ್ವಾರಕ್ಕೆ ಇದು ವಿಕಲ್ಪ ಎನ್ನುತ್ತದೆ. ಸಮ್ ಉಪಸರ್ಗಕ್ಕೆ ಅಲ್ಲಿ ಪದವೆಂಬ ಸಂಜ್ಞೆ ಇರುವುದರಿಂದ ಸಂಸ್ಕೃತ ಪುಸ್ತಕಗಳಲ್ಲಿ ಅನುಸ್ವಾರದ ‘ಸಂಗೀತ’ವೂ ಙಕಾರದ ‘ಸಙ್ಗೀತ’ವೂ ಎರಡೂ ಸಾಧು.