ಸೆನ್ಸಿಟೈಸೇಶನ್: ಇಷ್ಟು ವರ್ಷ ಒಗ್ಗಿದ ಹೇರ್ ಡೈಗೆ ಈಗ ಮುಖ ಊದುವುದೇಕೆ?

ಚರ್ಮದ ಡಾಕ್ಟರ ಹತ್ತಿರ ಮುಖ ಊದಿಸಿಕೊಂಡು ಬಂದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಡೈಯಿಂದ ಆಗಿರಲ್ಲ ಡಾಕ್ಟ್ರೇ, ಎಷ್ಟೋ ವರ್ಷದಿಂದ ಇದನ್ನೇ ಹಚ್ತಿದೀನಿ." ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಕಾರಣ ಅದೇ ಡೈ ಆಗಿರಬಹುದು. ಇದು ಅರ್ಥವಾಗಬೇಕಾದರೆ ಸೆನ್ಸಿಟೈಸೇಶನ್ ಅಂದರೇನು ಅಂತ ತಿಳಿಯಬೇಕು.

ಕಪ್ಪು, ಕಡುಕಂದು ಬಣ್ಣದ ಬಹಳಷ್ಟು ಡೈಗಳಲ್ಲಿ ಪಿಪಿಡಿ, ಅಂದರೆ ಪ್ಯಾರಾ-ಫಿನೈಲಿನ್‌ಡೈಅಮೀನ್, ಎಂಬ ರಾಸಾಯನಿಕ ಇರುತ್ತದೆ. ಇದರ ಕಣ ತುಂಬಾ ಚಿಕ್ಕದು. ಕೂದಲಿನೊಳಕ್ಕೆ ಇಳಿದ ಹಾಗೆಯೇ ಚರ್ಮದೊಳಕ್ಕೂ ಇಳಿದು, ಅಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಚರ್ಮದ ಕಾವಲು ಕೋಶಗಳು ಅದನ್ನು ಹಿಡಿದು ಹತ್ತಿರದ ದುಗ್ಧರಸ ಗ್ರಂಥಿಗೆ, ಅಂದರೆ ಲಿಂಫ್ ನೋಡ್‌ಗೆ, ಒಯ್ಯುತ್ತವೆ. ಅಲ್ಲಿ ಕೆಲವರ ದೇಹ ಅದನ್ನು ಸುಮ್ನೆ ಬಿಟ್ಟುಬಿಡುತ್ತದೆ. ಇನ್ನು ಕೆಲವರ ದೇಹ ಅದನ್ನು ಶತ್ರು ಎಂದು ಗುರುತಿಸಿ, ನೆನಪಿಟ್ಟುಕೊಳ್ಳುವ ಟಿ ಕೋಶಗಳೆಂಬ ರಕ್ಷಣಾ ಕೋಶಗಳನ್ನು ತಯಾರು ಮಾಡುತ್ತದೆ. ಈ ತಯಾರಿಗೇ ಸೆನ್ಸಿಟೈಸೇಶನ್ ಎನ್ನುವುದು. ಇದಕ್ಕೆ ಸುಮಾರು 10ರಿಂದ 14 ದಿನ ಬೇಕು. ಸಾಮಾನ್ಯವಾಗಿ ಆ ದಿನಗಳಲ್ಲಿ ತುರಿಕೆಯೂ ಇಲ್ಲ, ಕೆಂಪೂ ಇಲ್ಲ. ಆದದ್ದು ನಮಗೆ ಗೊತ್ತೇ ಆಗುವುದಿಲ್ಲ.

ಇದು ಮೊದಲ ಸಲವೇ ಆಗಬೇಕೆಂದೇನೂ ಇಲ್ಲ. ಐದನೇ ಸಲ ಆಗಬಹುದು, ಐವತ್ತನೇ ಸಲವೂ ಆಗಬಹುದು. ಪ್ರತಿ ಸಲ ಹಚ್ಚಿದಾಗಲೂ ದೇಹಕ್ಕೆ ಅದನ್ನು ಗುರುತಿಸುವ ಇನ್ನೊಂದು ಅವಕಾಶ ಸಿಕ್ಕ ಹಾಗೆ. ಆದ್ದರಿಂದ "ಇಷ್ಟು ದಿನ ಏನೂ ಆಗಿಲ್ಲ" ಎನ್ನುವುದು ಇಲ್ಲಿಯವರೆಗಿನ ಲೆಕ್ಕ ಅಷ್ಟೇ. ಮುಂದಿನ ಸಲಕ್ಕೆ ಅದು ಗ್ಯಾರಂಟಿ ಅಲ್ಲ.

ಒಬ್ಬ ಹೆಂಗಸು ತಿಂಗಳಿಗೊಮ್ಮೆ ಒಂದೇ ಡೈ ಹಚ್ಚುತ್ತಾರೆ ಎಂದುಕೊಳ್ಳಿ. ಹೋದ ತಿಂಗಳು ಹಚ್ಚಿದಾಗ ಒಳಗೊಳಗೇ ಸೆನ್ಸಿಟೈಸೇಶನ್ ಆಗಿಬಿಟ್ಟಿದೆ. ಈ ತಿಂಗಳು ಶನಿವಾರ ಸಂಜೆ ಮತ್ತೆ ಹಚ್ಚುತ್ತಾರೆ. ರಾತ್ರಿ ಆರಾಮಾಗಿ ಮಲಗುತ್ತಾರೆ. ಭಾನುವಾರ ಮಧ್ಯಾಹ್ನ ಕಿವಿಯ ಹಿಂದೆ ತುರಿಕೆ, ಹಣೆಯ ಅಂಚಿನಲ್ಲಿ ಉರಿ. ಸೋಮವಾರ ಬೆಳಗ್ಗೆ ರೆಪ್ಪೆ ಊದಿ ಕಣ್ಣು ಬಿಡಲಾಗುತ್ತಿಲ್ಲ, ಕಿವಿಯ ಹತ್ತಿರ ನೀರು ಜಿನುಗುತ್ತಿದೆ. ತಲೆಯಲ್ಲಿ ಮಾತ್ರ ಅಷ್ಟೇನೂ ಇಲ್ಲ! ನೆತ್ತಿಯ ಚರ್ಮ ದಪ್ಪ, ರೆಪ್ಪೆಯದು ತೀರಾ ತೆಳು. ಅದಕ್ಕೇ ಹಚ್ಚಿದ್ದು ತಲೆಗಾದರೂ ಊದುವುದು ಮುಖ. ಶನಿವಾರದ ಡೈ ಅಷ್ಟರಲ್ಲಿ ಮರೆತೇ ಹೋಗಿರುತ್ತದೆ. ಭಾನುವಾರ ತಿಂದದ್ದರ ಮೇಲೆ, ಹೊಸ ಕ್ರೀಮಿನ ಮೇಲೆ ಅನುಮಾನ ಹೋಗುತ್ತದೆ. ಆ ಟಿ ಕೋಶಗಳು ಡೈ ತಗುಲಿದ ಚರ್ಮಕ್ಕೆ ಬಂದು ಸೇರಿ ಊತ ಎಬ್ಬಿಸಲು ಒಂದರಿಂದ ಮೂರು ದಿನ ಹಿಡಿಯುವುದರಿಂದ, ಹಿಂದಿನ ಎರಡು ಮೂರು ದಿನದ್ದನ್ನೂ ನೆನಪಿಸಿಕೊಳ್ಳಬೇಕು.

ಡೈ ಇನ್ನೂ ತಲೆಯಲ್ಲಿದ್ದರೆ ಸಾಕಷ್ಟು ನೀರಿನಲ್ಲಿ ತೊಳೆಯಬೇಕು. ಕಣ್ಣು ಮುಚ್ಚುವಷ್ಟು ಊತ ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಇಂಥ ಊತಕ್ಕೆ ಕೆಲವು ದಿನ ಸ್ಟಿರಾಯ್ಡ್ ಬೇಕಾಗಬಹುದು. ಅಲರ್ಜಿ ಮಾತ್ರೆಯೊಂದರಿಂದಲೇ ಇದು ಸರಿಯಾಗಿ ಇಳಿಯುವುದಿಲ್ಲ. ನಿಮಿಷಗಳಲ್ಲೇ ಮೈತುಂಬ ದದ್ದು ಎದ್ದರೆ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ಅದು ಬೇರೆಯೇ ಬಗೆಯ ಅಲರ್ಜಿ. ಅಪರೂಪ, ಆದರೆ ಪ್ರಾಣಕ್ಕೆ ಕುತ್ತು. ಕೂಡಲೇ ಎಮರ್ಜೆನ್ಸಿಗೆ ಹೋಗಬೇಕು.

ಇನ್ನು ಮೆಹಂದಿ. ಬರೀ ಗೋರಂಟಿ ಎಲೆಯ ಪುಡಿಗೆ ಅಲರ್ಜಿ ಬಹಳ ಕಡಿಮೆ. ಅದು ಕೊಡುವುದು ಕೆಂಪು-ಕಿತ್ತಳೆ ಬಣ್ಣ, ಅದೂ ನಿಧಾನವಾಗಿ. ಮೆಹಂದಿ ಅಂತ ಹೆಸರಿದ್ದು ಕಡುಕಪ್ಪು ಬಣ್ಣ ಬೇಗ ಹತ್ತಿದರೆ ಅದರಲ್ಲಿ ಪಿಪಿಡಿ ಬೆರೆತಿರುವ ಸಾಧ್ಯತೆ ಜಾಸ್ತಿ. ಮಕ್ಕಳ ಕೈಗೆ ಚಿತ್ತಾರ ಬಿಡಿಸುವ ಕಪ್ಪು ಮೆಹಂದಿ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುತ್ತದೆ. ಅದರಲ್ಲಿ ಪಿಪಿಡಿ ಎಷ್ಟಿದೆ ಎಂದು ಹಚ್ಚುವವರಿಗೇ ಗೊತ್ತಿರುವುದಿಲ್ಲ, ಮೇಲಾಗಿ ನೇರ ಚರ್ಮದ ಮೇಲೆ ಗಂಟೆಗಟ್ಟಲೆ ಇರುತ್ತದೆ. ಹತ್ತನೇ ವಯಸ್ಸಿನಲ್ಲಿ ಅಲ್ಲಿ ಸೆನ್ಸಿಟೈಸ್ ಆದ ಹುಡುಗಿಗೆ, ಮುಂದೆ ಮೊದಲ ಸಲ ಡೈ ಹಚ್ಚಿದಾಗಲೇ ಮುಖ ಊದಬಹುದು.

ಕಿವಿಯ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾಯುವ ಪರೀಕ್ಷೆಯನ್ನು ಪ್ರತಿ ಸಲ ಮಾಡಿ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದು ಇದಕ್ಕೇ. ಅರ್ಧ ಗಂಟೆ ನೋಡಿ ತೊಳೆದರೆ ಏನೂ ತಿಳಿಯದು. ಎರಡು ದಿನ ಏನೂ ಆಗದಿದ್ದರೂ ಪೂರ್ತಿ ನಂಬುವ ಹಾಗಿಲ್ಲ. ಒಮ್ಮೆ ಮುಖ ಊದಿದವರು ಮನೆಯಲ್ಲಿ ಈ ಪರೀಕ್ಷೆಗೂ ಕೈಹಾಕಬಾರದು. ಅವರಿಗೆ ಡಾಕ್ಟರು ಮಾಡುವ ಪ್ಯಾಚ್ ಟೆಸ್ಟ್ ಇದೆ: ಊತ ಪೂರ್ತಿ ಇಳಿದ ಮೇಲೆ, ವ್ಯಾಸಲೀನಿನಲ್ಲಿ ಬೆರೆಸಿದ 1% ಪಿಪಿಡಿಯನ್ನು ಬೆನ್ನಿಗೆ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು, ಮತ್ತೆ ಒಂದೆರಡು ದಿನ ಕಳೆದು ನೋಡುತ್ತಾರೆ. ಪಾಸಿಟಿವ್ ಬಂದರೆ ಬ್ರ್ಯಾಂಡ್ ಬದಲಿಸಿ ಉಪಯೋಗವಿಲ್ಲ. "ಅಮೋನಿಯಾ ಇಲ್ಲ" ಎಂದಿದ್ದರೂ ಪಿಪಿಡಿ ಇರಬಹುದು. ಅದರ ಹತ್ತಿರದ ಸಂಬಂಧಿಯಾದ ಟೊಲೂಯಿನ್ ಡೈಅಮೀನ್ ಇರುವ ಡೈಗೂ, ಬೆಂಜೊಕೇನ್ ಎಂಬ ಮರಗಟ್ಟಿಸುವ ಔಷಧಿಗೂ ಕೆಲವರ ಚರ್ಮ ಹಾಗೆಯೇ ಕೆರಳುತ್ತದೆ. ಹಾಗಾಗಿ ಹಲ್ಲಿನ ಡಾಕ್ಟರಿಗೂ ಈ ಅಲರ್ಜಿಯ ವಿಷಯ ಮೊದಲೇ ಹೇಳಿಡಬೇಕು.