ಮಡಿಕೆ ಕೆಟ್ಟಿಲ್ಲ, ಆದ್ರೂ ರಕ್ತಕಣ ಕುಡಗೋಲಿನ ಥರ ಬಾಗೋದು ಯಾಕೆ?

ಪಿಯುಸಿ ಬಯಾಲಜಿ ಓದಿದವರಿಗೆ ಸಿಕಲ್ ಸೆಲ್ ಅನ್ನೋ ಹುಟ್ಟಿನಿಂದ ಬರೋ ರಕ್ತದ ಕಾಯಿಲೆ ಅಂದ್ರೆ ಒಂದು ಸಾಲಿನ ಉತ್ತರ ಬಾಯಿಪಾಠ ಇರುತ್ತೆ: ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಸಿಡ್ ಹೋಗಿ ವ್ಯಾಲಿನ್ ಬಂತು, ಹಿಮೋಗ್ಲೋಬಿನ್ ಆಕಾರ ಕೆಡ್ತು, ರಕ್ತಕಣ ಬಾಗ್ತು. ಮೊದಲನೇದೂ ಕೊನೇದೂ ಸರಿ, ಮಧ್ಯದ ಮಾತು ಮಾತ್ರ ನಂಗೆ ಯಾವತ್ತೂ ಚುಚ್ಚುತ್ತೆ, ಯಾಕಂದ್ರೆ ಈ ಹಿಮೋಗ್ಲೋಬಿನ್ನಿನ ಮಡಿಕೆ, ಅಂದ್ರೆ ಅದರ ಸರಪಳಿಗಳು ಮಡಚಿಕೊಂಡಿರೋ ರೀತಿ, ಹೆಚ್ಚುಕಮ್ಮಿ ಮಾಮೂಲಿನ ಥರಾನೇ ಇರುತ್ತೆ, ಆಕ್ಸಿಜನ್ ಹಿಡಿಯೋದು ಬಿಡೋದು ಎರಡೂ ಅದಕ್ಕೆ ಬರುತ್ತೆ.

ಕಥೆ ಶುರುವಾಗಿದ್ದು ಶಿಕಾಗೋದಲ್ಲಿ. ಗ್ರೆನಡಾ ದ್ವೀಪದಿಂದ ಡೆಂಟಲ್ ಓದೋಕೆ ಬಂದಿದ್ದ ಹುಡುಗನ ರಕ್ತದಲ್ಲಿ ಉದ್ದುದ್ದ, ಕುಡಗೋಲಿನಂಥ ಕಣಗಳು ಕಂಡ್ವು, ಜೇಮ್ಸ್ ಹೆರಿಕ್ ಅದನ್ನ 1910ರಲ್ಲಿ ಪ್ರಕಟಿಸಿದ್ರು. ಆಕ್ಸಿಜನ್ ಕಮ್ಮಿ ಆದಾಗ ಬಾಗುತ್ತೆ, ಮತ್ತೆ ಸಿಕ್ಕಾಗ ನೆಟ್ಟಗಾಗುತ್ತೆ ಅನ್ನೋದು ಆಮೇಲೆ ಗೊತ್ತಾಯ್ತು. 1949ರಲ್ಲಿ ಲೈನಸ್ ಪೌಲಿಂಗ್ ತಂಡ ಈ ರೋಗಿಗಳ ಹಿಮೋಗ್ಲೋಬಿನ್ನನ್ನ ವಿದ್ಯುತ್ ಕ್ಷೇತ್ರದಲ್ಲಿ ಓಡಿಸಿ ನೋಡ್ತು, ಅದು ಮಾಮೂಲಿ ಹಿಮೋಗ್ಲೋಬಿನ್ನಿಗಿಂತ ಬೇರೆ ವೇಗದಲ್ಲಿ ಸರೀತು. ಅಂದ್ರೆ ಅದರ ಚಾರ್ಜ್ ಬೇರೆ, ರೋಗ ಇರೋದು ಅಣುವಿನಲ್ಲೇ.

ಚಾರ್ಜ್ ಎಲ್ಲಿ ಬದಲಾಯ್ತು ಅಂತ ಹುಡುಕಿದ್ದು ಕೇಂಬ್ರಿಜ್‌ನ ವರ್ನನ್ ಇನ್‌ಗ್ರಾಮ್. ಅವರು ಹಿಮೋಗ್ಲೋಬಿನ್ನನ್ನ ಪ್ರೋಟೀನ್ ಕತ್ತರಿಸೋ ಟ್ರಿಪ್ಸಿನ್ ಎಂಜೈಮ್ ಹಾಕಿ ಸುಮಾರು 30 ತುಂಡು ಮಾಡಿ, ಫಿಲ್ಟರ್ ಪೇಪರ್ ಮೇಲೆ ಒಂದು ದಿಕ್ಕಿಗೆ ಕರೆಂಟಿನಿಂದ, ಇನ್ನೊಂದು ದಿಕ್ಕಿಗೆ ದ್ರಾವಕದಿಂದ ಹರಡಿಸಿದ್ರು. ನಿನ್‌ಹೈಡ್ರಿನ್ ಹಚ್ಚಿದ್ರೆ ತುಂಡುಗಳಿದ್ದಲ್ಲೆಲ್ಲ ನೇರಳೆ ಚುಕ್ಕೆ ಮೂಡುತ್ತೆ. ಮಾಮೂಲಿ ಹಿಮೋಗ್ಲೋಬಿನ್ನಿನದು, ಸಿಕಲ್‌ನದು ಎರಡೂ ಪೇಪರ್ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಎಲ್ಲಾ ಚುಕ್ಕೆ ಒಂದೇ ಥರ, ಒಂದೇ ಒಂದು ಮಾತ್ರ ಜಾಗ ಬಿಟ್ಟು ಸರಿದಿತ್ತು. 1957ರ ಹೊತ್ತಿಗೆ ಆ ಚುಕ್ಕೆಯೊಳಗಿನ ಗ್ಲುಟಾಮಿಕ್ ಆಸಿಡ್ ಬದಲು ವ್ಯಾಲಿನ್ ಇದೆ ಅಂತ ಖಾತ್ರಿಯಾಯ್ತು.

ಈಗ ರಚನೆಯ ನಾಲ್ಕು ಹಂತಕ್ಕೆ ಬರೋಣ. ಅಮೈನೋ ಆಸಿಡ್‌ಗಳು ಯಾವ ಕ್ರಮದಲ್ಲಿ ಪೋಣಿಸಿವೆ ಅನ್ನೋದು ಮೊದಲನೇ ಹಂತ, ಹಿಮೋಗ್ಲೋಬಿನ್ನಿನ ಆಲ್ಫಾ ಸರಪಳಿಯಲ್ಲಿ 141, ಬೀಟಾದಲ್ಲಿ 146. ಆ ದಾರ ಅಲ್ಲಲ್ಲಿ ಸ್ಪ್ರಿಂಗ್ ಥರ ಸುತ್ತಿಕೊಳ್ಳೋದು ಎರಡನೇದು, ಸುರುಳಿಗಳೆಲ್ಲ ಮಡಚಿ ಒಂದು ಉಂಡೆ ಆಗೋದು ಮೂರನೇದು, ಎರಡು ಆಲ್ಫಾ ಎರಡು ಬೀಟಾ ಉಂಡೆ ಸೇರಿ ಒಂದು ಹಿಮೋಗ್ಲೋಬಿನ್ ಆಗೋದು ನಾಲ್ಕನೇದು. ಸಿಕಲ್‌ನಲ್ಲಿ ಮೊದಲನೇ ಹಂತ ಬದಲಾಯ್ತು, ಆದ್ರೆ ಆ ಆರನೇ ಜಾಗ ಉಂಡೆಯ ಹೊರಮೈಯಲ್ಲಿರೋದ್ರಿಂದ ಒಳಗಿನ ಮಡಿಕೆಗೆ ಏಟು ಬೀಳಲಿಲ್ಲ. ಗ್ಲುಟಾಮಿಕ್ ಆಸಿಡ್‌ಗೆ ನೆಗೆಟಿವ್ ಚಾರ್ಜ್, ನೀರು ಅಂದ್ರೆ ಅದಕ್ಕೆ ಇಷ್ಟ. ವ್ಯಾಲಿನ್‌ಗೆ ಚಾರ್ಜ್ ಇಲ್ಲ, ಎಣ್ಣೆ ಥರ ನೀರಿನಿಂದ ದೂರ ಹೋಗಿ ಅಡಗೋಕೆ ನೋಡುತ್ತೆ. ಹೊರಮೈ ಮೇಲೆ ಒಂದು ಅಂಟಿನ ಬೊಟ್ಟು ಇಟ್ಟ ಹಾಗಾಯ್ತು.

ಆದ್ರೆ ಅಂಟೋಕೆ ಎದುರಿಗೆ ಒಂದು ಜಾಗ ಬೇಕಲ್ಲ, ಅಲ್ಲೇ ಇರೋದು ಅಸಲಿ ವಿಷಯ. ಆಕ್ಸಿಜನ್ ಬಿಟ್ಟಾಗ ಹಿಮೋಗ್ಲೋಬಿನ್ನಿನ ನಾಲ್ಕನೇ ಹಂತ ಬದಲಾಗುತ್ತೆ, ಒಂದು ಆಲ್ಫಾ-ಬೀಟಾ ಜೋಡಿ ಇನ್ನೊಂದರ ಮೇಲೆ ಸುಮಾರು 15 ಡಿಗ್ರಿ ತಿರುಗುತ್ತೆ. ಇದು ನಮ್ಮೆಲ್ಲರಲ್ಲೂ ಪ್ರತಿ ಸುತ್ತಿಗೂ ಆಗೋ ಕೆಲಸ. ಆ ಆಕಾರದಲ್ಲಿ ಬೀಟಾ ಸರಪಳಿಯ 85ನೇ ಫಿನೈಲ್‌ಅಲನಿನ್, 88ನೇ ಲೂಸಿನ್ ಇರೋ ಒಂದು ಸಣ್ಣ ಗುಳಿ ಪಕ್ಕದ ಅಣುವಿನ ವ್ಯಾಲಿನ್‌ಗೆ ಸಿಗುತ್ತೆ, ಬೊಟ್ಟು ಗುಳಿಯಲ್ಲಿ ಕೂರುತ್ತೆ, ಅದರ ಮೇಲೆ ಇನ್ನೊಂದು, ಮತ್ತೊಂದು, ಹೀಗೆ 14 ಎಳೆ ಹೆಣೆದ ಹಗ್ಗ ಬೆಳೆದು ಕಣವನ್ನ ಒಳಗಿಂದ ಎಳೆದು ಬಾಗಿಸುತ್ತೆ. ಹಾಗಾಗಿ ಶ್ವಾಸಕೋಶದಲ್ಲಿ ಆಕ್ಸಿಜನ್ ತುಂಬಿಕೊಂಡಾಗ ಹಗ್ಗ ಬೆಳೆಯಲ್ಲ, ಆಕ್ಸಿಜನ್ ಕೊಟ್ಟು ವಾಪಸ್ ಬರೋ ದಾರಿಯಲ್ಲೇ ಕೇಡು.

ಹಗ್ಗ ಶುರುವಾಗೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ, ಅಷ್ಟರಲ್ಲಿ ಕಣ ಸಣ್ಣ ರಕ್ತನಾಳ ದಾಟಿ ಶ್ವಾಸಕೋಶ ಸೇರಿದ್ರೆ ಬಚಾವ್. ಕಣದೊಳಗೆ ಹಿಮೋಗ್ಲೋಬಿನ್ ದಟ್ಟವಾದಷ್ಟೂ ಆ ಹೊತ್ತು ತುಂಬಾ ಕಮ್ಮಿ ಆಗುತ್ತೆ, ಅದಕ್ಕೇ ಮೈಯಲ್ಲಿ ನೀರು ಕಮ್ಮಿ ಆದ್ರೆ ಬಾಗಿದ ಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ನೋವು ಕೆರಳೋದು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಈ ಜೀನ್ ಬಂದವರಲ್ಲಿ ಮಾಮೂಲಿ ಹಿಮೋಗ್ಲೋಬಿನ್ನೂ ಬೆರೆತಿರೋದ್ರಿಂದ ಹಗ್ಗ ನಿಧಾನ, ಹೆಚ್ಚಿನವರಿಗೆ ತಮ್ಮಲ್ಲಿ ಇದೆ ಅಂತಾನೇ ಗೊತ್ತಿರಲ್ಲ.

ಇದು ನಮಗೆ ದೂರದ್ದಲ್ಲ. ನೀಲಗಿರಿಯ ಬುಡಕಟ್ಟುಗಳಲ್ಲಿ 1952ರಲ್ಲೇ ಇದನ್ನ ಗುರುತಿಸಿದ್ರು, 2023ರಲ್ಲಿ ಶುರುವಾದ ಕೇಂದ್ರದ ಸಿಕಲ್ ಸೆಲ್ ಮಿಷನ್‌ನಲ್ಲಿ ಕರ್ನಾಟಕಾನೂ ಇದೆ. ಸ್ಕ್ರೀನಿಂಗ್‌ನ ಸರಳ ಟೆಸ್ಟ್ ನಡೆಯೋದೂ ಇದೇ ಅಂಟಿನ ಮೇಲೆ: ಆಕ್ಸಿಜನ್ ಕಿತ್ತುಕೊಳ್ಳೋ ಡೈಥಯೋನೈಟ್ ಇರೋ ಟ್ಯೂಬಿಗೆ ರಕ್ತ ಹಾಕಿ ಹಿಂದೆ ಗೆರೆ ಹಾಕಿದ ಕಾಗದ ಹಿಡೀತಾರೆ, ಮಂಕಾಗಿ ಗೆರೆ ಕಾಣದಿದ್ರೆ ಪಾಸಿಟಿವ್. ಒಂದು ಜೀನೋ ಎರಡೋ ಅಂತ ಇದು ಹೇಳಲ್ಲ, ಅದಕ್ಕೆ ಹಿಮೋಗ್ಲೋಬಿನ್ನಿನ ಬಗೆಗಳನ್ನ ಬೇರ್ಪಡಿಸಿ ಅಳೆಯೋ ಎಚ್‌ಪಿಎಲ್‌ಸಿ ಟೆಸ್ಟ್ ಬೇಕು. ಆರು ತಿಂಗಳೊಳಗಿನ ಮಗುವಿಗಂತೂ ಇದನ್ನ ನಂಬಬಾರದು, ಯಾಕಂದ್ರೆ ಆಗ ರಕ್ತದಲ್ಲಿ ಬೀಟಾ ಬದಲು ಗಾಮಾ ಸರಪಳಿಯ ಭ್ರೂಣದ ಹಿಮೋಗ್ಲೋಬಿನ್ ಇನ್ನೂ ಸಾಕಷ್ಟಿರುತ್ತೆ, ಅದು ಹಗ್ಗಕ್ಕೆ ಸೇರಲ್ಲ, ಟ್ಯೂಬ್ ತಿಳಿಯಾಗೇ ಉಳಿದು ಮಗು ಆರಾಮಾಗಿದೆ ಅಂತ ಮನೆಗೆ ಕಳಿಸಿಬಿಡೋ ಸಾಧ್ಯತೆ ಇದೆ. ಹೈಡ್ರಾಕ್ಸಿಯೂರಿಯಾ ಮಾತ್ರೆ ರೋಗಿಗಳಲ್ಲಿ ಮತ್ತೆ ಹೆಚ್ಚಿಸೋದು ಇದೇ ಭ್ರೂಣದ ಹಿಮೋಗ್ಲೋಬಿನ್ನನ್ನ.