ವಾರಕ್ಕೊಂದು ಅಲೆಂಡ್ರೊನೇಟ್: ಬರೀ ನೀರು ಏಕೆ, ಮಲಗಬಾರದು ಏಕೆ, ಹಲ್ಲಿನ ಮಾತೇಕೆ

ಮೂಳೆ ಟೊಳ್ಳಾಗುವುದನ್ನು ತಡೆಯುವ ಅಲೆಂಡ್ರೊನೇಟ್ ಮಾತ್ರೆಯ ನಿಯಮಗಳನ್ನು ಉರು ಹೊಡೆಯುವ ಬದಲು ಅದರ ಒಂದು ಗುಣ ಹಿಡಿದುಕೊಳ್ಳಿ. ಅದಕ್ಕೆ ಕ್ಯಾಲ್ಸಿಯಂ ಕಂಡರೆ ಬಿಡದ ಅಂಟು. ಮೂಳೆಗೆ ಅಂಟಿ, ಮೂಳೆ ಕರಗಿಸುವ ಆಸ್ಟಿಯೊಕ್ಲಾಸ್ಟ್ ಕೋಶಗಳನ್ನು ಸುಮ್ಮನಾಗಿಸುತ್ತದೆ. ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯುವ ಆಸ್ಟಿಯೊಪೊರೊಸಿಸ್‌ನಲ್ಲಿ ನಮಗೆ ಬೇಕಾದದ್ದೂ ಅದೇ. ತೊಂದರೆ ಏನೆಂದರೆ, ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಸಿಕ್ಕರೂ ಅದು ಅಲ್ಲೇ ಅಂಟಿಕೊಳ್ಳುತ್ತದೆ.

ಬರೀ ಹೊಟ್ಟೆಯಲ್ಲಿ ನುಂಗಿದರೂ ಇದು ರಕ್ತಕ್ಕೆ ಸೇರುವುದು ಶೇ. 0.6ರಷ್ಟು ಮಾತ್ರ. ವಾರದ 70 ಮಿ.ಗ್ರಾಂ. ಮಾತ್ರೆಯಲ್ಲಿ ಅರ್ಧ ಮಿ.ಗ್ರಾಂ. ಕೂಡ ಅಲ್ಲ. ಕಾಫಿ ಜೊತೆ ತೆಗೆದುಕೊಂಡರೆ ಅದರಲ್ಲೂ ಸುಮಾರು ಶೇ. 60 ಹೋಗುತ್ತದೆ.

ಈಗ ತೀರ್ಥಹಳ್ಳಿ ಕಡೆಯ 68ರ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳೋಣ. ಭಾನುವಾರ ಮಾತ್ರೆಯ ದಿನ. ಹೊರಗೆ ಜಡಿಮಳೆ. ಎದ್ದು, ಎರಡು ಗುಟುಕು ನೀರಿನಲ್ಲಿ ಮಾತ್ರೆ ನುಂಗಿ, ಮತ್ತೆ ಕಂಬಳಿ ಹೊದ್ದು ಮಲಗುತ್ತಾರೆ. ಹತ್ತು ನಿಮಿಷ ಬಿಟ್ಟು ಹಾಲು ಹಾಕಿದ ಕಷಾಯ, ಅದರ ಹಿಂದೆಯೇ ಎಲೆಯಡಿಕೆಯ ಕವಳ. ಹಾಲಿನಲ್ಲಿ ಕ್ಯಾಲ್ಸಿಯಂ ಇದೆ. ಕವಳದ ಸುಣ್ಣವೂ ಕ್ಯಾಲ್ಸಿಯಮ್ಮೇ ಅಲ್ವಾ? ನಮ್ಮ ಕಡೆ ರೋಗಿಗೆ "ಏನೂ ತಿನ್ನಬೇಡಿ" ಎಂದರೆ ಸಾಲದು, ಏಕೆಂದರೆ ಕವಳವನ್ನು ಯಾರೂ ತಿನ್ನುವುದರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆಸರು ಹಿಡಿದೇ ಕೇಳಬೇಕು. ಹೀಗೆ ವರ್ಷಗಟ್ಟಲೆ ತೆಗೆದುಕೊಂಡರೂ ಮೂಳೆಗೆ ಹೆಚ್ಚೇನೂ ತಲುಪುವುದಿಲ್ಲ.

ಮಲಗಿದ್ದು ಇನ್ನೊಂದು ಸಮಸ್ಯೆ. ಕಡಿಮೆ ನೀರಿನಲ್ಲಿ ಮಾತ್ರೆ ಅನ್ನನಾಳದಲ್ಲೇ ಅಂಟಿ ನಿಲ್ಲಬಹುದು. ಮಲಗಿದರೆ ಹೊಟ್ಟೆಯ ಆಮ್ಲವೂ ಕರಗಿದ ಮಾತ್ರೆಯೂ ಮೇಲಕ್ಕೆ ಬರುತ್ತವೆ. ಆಮ್ಲದ ಜೊತೆ ಸೇರಿದಾಗ ಈ ಔಷಧಿ ಒಳಪದರವನ್ನು ಇನ್ನೂ ಜಾಸ್ತಿ ಕೆರಳಿಸುತ್ತದೆ, ಹುಣ್ಣೂ ಆಗಬಹುದು. ಕೆಲವು ವಾರಗಳ ನಂತರ ಅಜ್ಜಿಗೆ ರೊಟ್ಟಿ ನುಂಗುವಾಗ ಎದೆಯ ನಡುವೆ ಚುಚ್ಚಿದಂತೆ ನೋವು. ಮನೆಯವರು "ಗ್ಯಾಸ್ ಆಗಿರ್ಬೇಕು, ಬಿಡಿ" ಎನ್ನುತ್ತಾರೆ. ಇಲ್ಲೇ ಎಚ್ಚರ ಬೇಕು. ನುಂಗುವಾಗ ನೋವು, ಆಹಾರ ಸಿಕ್ಕಿಕೊಂಡ ಹಾಗೆ ಅನಿಸುವುದು, ಹೊಸದಾಗಿ ಶುರುವಾದ ಅಥವಾ ಹೆಚ್ಚಾದ ಎದೆಯುರಿ: ಇವುಗಳಲ್ಲಿ ಯಾವುದಿದ್ದರೂ ಮುಂದಿನ ಮಾತ್ರೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಆಂಟಾಸಿಡ್ ಕುಡಿಯುತ್ತಾ ಮಾತ್ರೆ ಮುಂದುವರಿಸುವುದು ತಪ್ಪು.

ಸರಿಯಾದ ಕ್ರಮ ಹೀಗೆ. ಎದ್ದ ಕೂಡಲೇ, ಬೇರೆ ಏನೂ ಬಾಯಿಗೆ ಹಾಕುವ ಮೊದಲು, ಒಂದು ದೊಡ್ಡ ಲೋಟ, ಅಂದರೆ ಸುಮಾರು 200 ಮಿ.ಲೀ. ಬರೀ ನೀರಿನ ಜೊತೆ ಇಡೀ ಮಾತ್ರೆ ನುಂಗಬೇಕು. ಅಗಿಯುವುದು, ಚೀಪುವುದು ಬೇಡ. ಆಮೇಲೆ ಕನಿಷ್ಠ 30 ನಿಮಿಷ, ಮತ್ತು ಮೊದಲ ಆಹಾರ ಹೊಟ್ಟೆಗೆ ಹೋಗುವ ತನಕ, ಮಲಗಬಾರದು. ಕೂರಬಹುದು, ಜಗಲಿಯಲ್ಲಿ ಓಡಾಡಬಹುದು. ಬಗ್ಗಿ ಅಂಗಳ ಗುಡಿಸುವುದು ಆ ಹೊತ್ತಿಗೆ ಬೇಡ. ಕ್ಯಾಲ್ಸಿಯಂ ಮಾತ್ರೆಯನ್ನು ಆ ದಿನ ಊಟದ ಹೊತ್ತಿಗೆ ದೂಡಿದರೆ ಒಳ್ಳೆಯದು. ಭಾನುವಾರ ಮರೆತರೆ ನೆನಪಾದ ಮರುದಿನ ಬೆಳಿಗ್ಗೆ ಒಂದು ತೆಗೆದುಕೊಂಡು ಮತ್ತೆ ಭಾನುವಾರಕ್ಕೇ ಮರಳುವುದು. ಒಂದೇ ದಿನ ಎರಡು ಬೇಡ. ಅರ್ಧ ಗಂಟೆ ನೆಟ್ಟಗೆ ಕೂರಲಾಗದವರಿಗೆ, ಅನ್ನನಾಳ ಕಿರಿದಾಗಿರುವವರಿಗೆ ಈ ಮಾತ್ರೆ ಕೊಡುವುದೇ ಇಲ್ಲ.

ಇನ್ನು ಹಲ್ಲು. ಅದೇ ಅಜ್ಜಿ ಆರೇಳು ವರ್ಷ ಸರಿಯಾಗಿ ಮಾತ್ರೆ ತೆಗೆದುಕೊಂಡಿದ್ದಾರೆ, ಈಗ ಒಂದು ದವಡೆ ಹಲ್ಲು ಕೀಳಿಸಬೇಕು ಎಂದುಕೊಳ್ಳಿ. ಹಲ್ಲು ಕಿತ್ತ ಜಾಗ ಮಾಯಲು ಹಳೆ ಮೂಳೆ ಕರಗಿ ಹೊಸದು ಬರಬೇಕು. ನಮ್ಮ ಔಷಧಿ ತಡೆಯುವುದು ಆ ಕರಗುವಿಕೆಯನ್ನೇ. ಅಪರೂಪಕ್ಕೆ ಗಾಯ ಮುಚ್ಚದೆ ದವಡೆ ಮೂಳೆ ಹೊರಗೆ ಕಾಣುತ್ತಾ ಉಳಿಯುತ್ತದೆ. ಎಂಟು ವಾರ ಮೀರಿದರೂ ಹಾಗೇ ಇದ್ದು, ದವಡೆಗೆ ರೇಡಿಯೇಷನ್ ಆಗಿರದಿದ್ದರೆ, ಅದನ್ನು ಔಷಧಿಯಿಂದಾದ ದವಡೆಯ ಆಸ್ಟಿಯೊನೆಕ್ರೋಸಿಸ್, ಅಂದರೆ ಮೂಳೆ ಸಾಯುವುದು, ಎನ್ನುತ್ತಾರೆ. ಆಸ್ಟಿಯೊಪೊರೊಸಿಸ್‌ಗೆ ಬಾಯಿಂದ ತೆಗೆದುಕೊಳ್ಳುವವರಲ್ಲಿ ಇದು ತುಂಬಾ ಕಡಿಮೆ. ಕ್ಯಾನ್ಸರ್‌ಗೆ ರಕ್ತನಾಳದ ಮೂಲಕ ಹೆಚ್ಚು ಪ್ರಮಾಣದಲ್ಲಿ ಇದೇ ಗುಂಪಿನ ಔಷಧಿ ಪಡೆಯುವವರಲ್ಲಿ ಜಾಸ್ತಿ. ವರ್ಷಗಳು ಕಳೆದಂತೆ ಅಪಾಯ ಏರುತ್ತದೆ. ಸ್ಟೀರಾಯ್ಡ್, ಸಕ್ಕರೆ ಕಾಯಿಲೆ, ಹೊಗೆಸೊಪ್ಪು, ಒಸಡಿನ ಸೋಂಕು, ಒತ್ತುವ ಕಟ್ಟು ಹಲ್ಲು ಇದ್ದರೆ ಇನ್ನಷ್ಟು.

"ಹಲ್ಲು ಕೀಳಿಸಲು ಒಂದು ವಾರ ಮಾತ್ರೆ ಬಿಟ್ಟರಾಯ್ತು" ಎಂಬ ಲೆಕ್ಕ ನಡೆಯುವುದಿಲ್ಲ. ಮೂಳೆಗೆ ಅಂಟಿದ ಭಾಗ ಅರ್ಧಕ್ಕಿಳಿಯಲು ಹತ್ತು ವರ್ಷ ಬೇಕಾಗಬಹುದು. ಅದಕ್ಕೇ ಹಾಳಾದ ಹಲ್ಲನ್ನು ಔಷಧಿ ಶುರು ಮಾಡುವ ಮೊದಲೇ ಸರಿಮಾಡಿಸಿಕೊಳ್ಳುವುದು ಜಾಣತನ. ಕ್ಲೀನಿಂಗ್, ಫಿಲ್ಲಿಂಗ್‌ಗೆ ಹೆದರಬೇಕಿಲ್ಲ. ಹಲ್ಲು ಉಳಿಸಲು ಆಗುವುದಾದರೆ ಕೀಳುವುದಕ್ಕಿಂತ ರೂಟ್ ಕೆನಾಲ್ ವಾಸಿ. ಕೀಳಲೇಬೇಕಾದರೂ ಹೆಚ್ಚಿನವರಿಗೆ ಗಾಯ ಮಾಯುತ್ತದೆ. ಆದರೆ ದಂತವೈದ್ಯರಿಗೆ ಮಾತ್ರೆಯ ಹೆಸರು, ಎಷ್ಟು ವರ್ಷದಿಂದ ಎಂಬುದು ಗೊತ್ತಿರಬೇಕು. ದಿನದ ಮಾತ್ರೆಗಳ ಪಟ್ಟಿ ಕೇಳಿದರೆ ವಾರದ ಮಾತ್ರೆ ಬಿಟ್ಟುಹೋಗುತ್ತದೆ, ಹಾಗಾಗಿ "ಮೂಳೆಗೆ ವಾರಕ್ಕೊಮ್ಮೆ ಏನಾದರೂ ತಗೊಳ್ತೀರಾ ಅಮ್ಮ?" ಎಂದು ಬೇರೆಯಾಗಿಯೇ ಕೇಳಿ. ಐದು ವರ್ಷ ಆಗಿದೆ ಎಂದರೆ, ಮುರಿತದ ಅಪಾಯ ನೋಡಿ ಸ್ವಲ್ಪ ಕಾಲ ಬಿಡುವು ಕೊಡಬಹುದೇ ಎಂದು ಮೂಳೆ ವೈದ್ಯರು ಪರಿಶೀಲಿಸುವ ಸಮಯವೂ ಅದೇ. ಸೊಂಟ ಅಥವಾ ಬೆನ್ನುಮೂಳೆ ಮುರಿದಿದ್ದವರಿಗೆ ಸಾಮಾನ್ಯವಾಗಿ ಮುಂದುವರಿಸುತ್ತಾರೆ.